ನಲ್ಲಿ ರಿಪೇರಿಗೆ ಎಷ್ಟು ಅಂಕ?

ಹತ್ತಕ್ಕೆ ಬರುತ್ತೇನೆಂದ ಪ್ಲಂಬರ್ ಮೈಸೂರಿನ ಆ ಮನೆ ತಲುಪಿದ್ದು ಹನ್ನೊಂದೂವರೆಗೆ. ತಡವಾಗುತ್ತದೆಂದು ಮೊದಲೇ ಫೋನ್ ಮಾಡಿದ್ದರಿಂದ ಅರ್ಧ ಅಂಕ ಉಳಿಯಿತು.

ತೊಟ್ಟಿಕ್ಕುತ್ತಿದ್ದದ್ದು ಹಳೇ ತಿರುಪಿನ ನಲ್ಲಿ. ಪೂರ್ತಿ ಬದಲಿಸಿ ಎನ್ನದೆ, ಬಿಚ್ಚಿ ಸವೆದ ವಾಷರ್ ತೋರಿಸಿದ. ವಾಷರ್‌ಗೆ 10 ರೂಪಾಯಿ, ಕೂಲಿ 200 ಎಂದು ಮುಂದಿನ ಕೆಲಸಕ್ಕೆ ಮೊದಲೇ ಹೇಳಿದ. ಹಳೆಯ ವಾಷರನ್ನು ಮನೆಯವರ ಕೈಗಿತ್ತು, ಸಿಂಕಿನಲ್ಲಿ ಬಿದ್ದಿದ್ದ ತುಕ್ಕನ್ನೂ ಒರೆಸಿ ಹೋದ.

ಆ ರಾತ್ರಿ ನಲ್ಲಿಯ ಕೆಳಗಿಟ್ಟ ಲೋಟ ಬೆಳಿಗ್ಗೆಯೂ ಒಣಗಿತ್ತು.

ಮೂರೇ ವಾರ, ಮತ್ತೆ ಹನಿ! ವಾಷರ್ ಕೂರುವ ಹಿತ್ತಾಳೆಯ ಅಂಚೇ ಸವೆದು ಒರಟಾಗಿತ್ತು. ಅಂಥ ಅಂಚು ಹೊಸ ವಾಷರನ್ನೂ ಬೇಗ ಕೊರೆದುಬಿಡುತ್ತದೆ. ಮೊದಲ ದಿನವೇ ಬೆರಳಾಡಿಸಿದ್ದರೆ ತಿಳಿಯುತ್ತಿತ್ತು. ಬಾಳಿಕೆಯ ಅಂಕ ಹೋಯಿತು. ಎರಡನೇ ಸಲ ಬಂದು ಅಂಚು ಉಜ್ಜಿ ನಯಗೊಳಿಸಿದಾಗ ಅವನು ಕೂಲಿ ಕೇಳಲಿಲ್ಲ.