ಸಂಜೆಯ ಆಕಾಶದಲ್ಲಿ ಪಟ್ಟೆಗಳೇಕೆ?

ಎಸ್‌-ಲಾಗ್‌3ಯಲ್ಲಿ ಚಿತ್ರೀಕರಿಸಿದ ದೃಶ್ಯ ಮೊದಲು ಬೂದುಬಣ್ಣಕ್ಕೆ ತಿರುಗಿ ಸಪ್ಪೆಯಾಗಿ ಕಾಣುತ್ತದೆ. ಬಿಸಿಲು, ನೆರಳು ಎರಡರ ವಿವರವನ್ನೂ ಉಳಿಸಿಕೊಳ್ಳಲು ಕ್ಯಾಮೆರಾ ಕಾಂಟ್ರಾಸ್ಟನ್ನು ಅದುಮಿಟ್ಟಿರುತ್ತದೆ. ಅದನ್ನು ಮತ್ತೆ ಹಿಗ್ಗಿಸಿ ಸಹಜ ಬಣ್ಣಕ್ಕೆ ತರುವ ಸಿದ್ಧ ಕೋಷ್ಟಕವೇ ಲಟ್.

ಹಿಗ್ಗಿಸುವಾಗಲೇ ತೊಂದರೆ. ಸಂಜೆಯ ಆಕಾಶ ಎಡದಿಂದ ಬಲಕ್ಕೆ ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಇಮ್ಮಡಿಯಾಗುವಷ್ಟು, ಬದಲಾಗುತ್ತದೆ ಎನ್ನಿ. 8 ಬಿಟ್‌ನಲ್ಲಿ ಅದಕ್ಕೆ ಸಿಗುವುದು ಸುಮಾರು 20 ಮೆಟ್ಟಿಲು. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದೊಂದೂ ನೂರು ಪಿಕ್ಸೆಲ್ ಅಗಲದ ಪಟ್ಟೆ. ಲಟ್ ಹಾಕಿದೊಡನೆ ಎದ್ದು ಕಾಣುತ್ತದೆ. 10 ಬಿಟ್‌ನಲ್ಲಿ ಸುಮಾರು 80 ಮೆಟ್ಟಿಲುಗಳಿರುವುದರಿಂದ ಕಣ್ಣಿಗೆ ಹತ್ತುವುದೇ ಕಷ್ಟ. 8 ಬಿಟ್‌ನಲ್ಲಿ ದಾಖಲಾದದ್ದನ್ನು ಆಮೇಲೆ 10 ಬಿಟ್ ಫೈಲಾಗಿ ಬದಲಿಸಿದರೆ ಕಳೆದ ಮೆಟ್ಟಿಲು ಮರಳಿ ಬರುವುದಿಲ್ಲ.

ಆದರೆ ನೆರಳಿನ ಕೊಳಕು ನಾಯ್ಸ್‌ಗೆ 10 ಬಿಟ್ ಮದ್ದಲ್ಲ; ಅದು ಬೆಳಕಿನ ಕೊರತೆ. ಆಕಾಶದ ಹೊಳಪು ಸುಟ್ಟುಹೋಗದಂತೆ ನೋಡಿಕೊಂಡು ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ಚಿತ್ರೀಕರಿಸಿ. ಗ್ರೇಡಿಂಗ್‌ನಲ್ಲಿ ಆ ಹೆಚ್ಚುವರಿಯನ್ನು ಲಟ್‌ಗಿಂತ ಮೊದಲೇ ಇಳಿಸಿ, ನಾಯ್ಸ್ ಕೂಡ ಕೆಳಗಿಳಿಯುತ್ತದೆ. ಲಟ್ ಆದಮೇಲೆ ಇಳಿಸಹೊರಟರೆ, ಅದು ಕತ್ತರಿಸಿ ಹಾಕಿದ ಮೋಡದ ವಿವರ ಬಿಳಿಯ ಬದಲು ಬೂದು ತೇಪೆಯಾಗುತ್ತದೆ, ಅಷ್ಟೇ.