ಗರ್ಭಿಣಿಯ ಊಟವೂ ಚಹಾದ ಹೊತ್ತೂ

ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಕನ್ನಡದಲ್ಲಿ ಉಪನ್ಯಾಸ ಸಿದ್ಧಪಡಿಸುವವರು ಮೊದಲು ಒಂದು ಪದವನ್ನು ಗಮನಿಸಬೇಕು. ಮರಾಠಿಯ ‘ಲೋಹ’ಕ್ಕೆ ಕಬ್ಬಿಣವೆಂಬ ಅರ್ಥವಿದೆ, ಕನ್ನಡದಲ್ಲಿ ಅದು ಚಿನ್ನ, ತಾಮ್ರಗಳನ್ನೂ ಒಳಗೊಳ್ಳುತ್ತದೆ. ಆದುದರಿಂದ ‘ಲೋಹದ ಗುಳಿಗೆ’ ಎನ್ನದೆ ‘ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಗುಳಿಗೆ’ ಎಂದರೆ ಕೇಳುವವರಿಗೆ ವಿಷಯ ಸ್ಪಷ್ಟವಾಗುತ್ತದೆ.

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣ 11 ಗ್ರಾಮಿಗಿಂತ ಕೆಳಗಿಳಿದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಸ್ವಲ್ಪ ನಡೆದರೂ ಏದುಸಿರು ಬರುವುದು ಇದರ ಹೊರಗುರುತುಗಳು. ನಿಶ್ಚಯಕ್ಕೆ ರಕ್ತಪರೀಕ್ಷೆಯೇ ಬೇಕು.

ಈ ಸೀಮೆಯ ಊಟದಲ್ಲಿ ಕಬ್ಬಿಣಾಂಶಕ್ಕೆ ಕೊರತೆಯಿಲ್ಲವೆಂದು ತೋರಬಹುದು. ಜೋಳದ ರೊಟ್ಟಿ, ಮೆಂತ್ಯ ಪಲ್ಯ, ರಾಜಗಿರಿ ಸೊಪ್ಪು, ಮಡಕೆಕಾಳು ಎಲ್ಲವೂ ಇವೆ. ಆದರೆ ಧಾನ್ಯ, ಸೊಪ್ಪುಗಳ ಕಬ್ಬಿಣಾಂಶದಲ್ಲಿ ದೇಹಕ್ಕೆ ಸೇರುವುದು ಅಲ್ಪಭಾಗ ಮಾತ್ರ. ಊಟದ ಜೊತೆಗೆ ಚಹಾ ಕುಡಿದರೆ ಅದರೊಳಗಿನ ಒಗರು ಆ ಅಲ್ಪಭಾಗವನ್ನೂ ಕಟ್ಟಿಹಾಕುತ್ತದೆ. ನಿಂಬೆಯ ಹುಳಿಯಾದರೋ ಅದನ್ನು ದೇಹಕ್ಕೆ ಸೇರಿಸಲು ನೆರವಾಗುತ್ತದೆ.

ಹೊಲಗೆಲಸಕ್ಕೆ ಹೋಗುವ, ಐದು ತಿಂಗಳು ತುಂಬಿದ ಒಬ್ಬಳ ದಿನಚರಿಯನ್ನು ಊಹಿಸೋಣ. ಬೆಳಿಗ್ಗೆ ಹತ್ತಕ್ಕೆ ರೊಟ್ಟಿ, ಮೆಂತ್ಯ ಪಲ್ಯ ಉಣ್ಣುತ್ತಾಳೆ, ಒಡನೆಯೇ ಚಹಾ, ಆ ಚಹಾದ ಗುಟುಕಿನಲ್ಲೇ ಗುಳಿಗೆ. ಅವಳು ಏನನ್ನೂ ಬಿಟ್ಟಿಲ್ಲ, ಆದರೂ ಬಹುಪಾಲು ವ್ಯರ್ಥ. ಬದಲಾಯಿಸಬೇಕಾದುದು ಹೊತ್ತನ್ನು ಮಾತ್ರ. ಚಹಾ ಊಟಕ್ಕಿಂತ ಒಂದು ಗಂಟೆಯಾದರೂ ದೂರವಿರಲಿ. ನೆನೆಸಿ ಮೊಳಕೆ ಬರಿಸಿದ ಮಡಕೆಕಾಳಿನ ಪಲ್ಯಕ್ಕೆ, ಉಣ್ಣುವಾಗ ಅರ್ಧ ನಿಂಬೆ ಹಿಂಡಿಕೊಳ್ಳಲಿ. ಕುದಿಯುವಾಗ ಹಿಂಡಿದರೆ ಗುಣ ಕುಂದುತ್ತದೆ. ಜೊತೆಗೆ ಶೇಂಗಾ ಚಟ್ನಿಯಿರಲಿ. ಕಬ್ಬಿಣಾಂಶದ ಗುಳಿಗೆಯನ್ನು ರಾತ್ರಿ ಮಲಗುವ ಮುನ್ನ ನೀರಿನೊಡನೆ ನುಂಗಲಿ. ಸುಣ್ಣದಂಶದ ಗುಳಿಗೆಗಳು ಹಗಲಿನ ಎರಡು ಊಟಗಳೊಂದಿಗೆ ಹೋಗಲಿ. ಎರಡು ಬಗೆಯ ಗುಳಿಗೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು.

ನೆನಪಿಗೆ ‘ಊಟಕ್ಕೆ ನಿಂಬೆ, ಚಹಾಕ್ಕೆ ತಡೆ, ಗುಳಿಗೆಗೆ ನೀರು’ ಎಂಬಷ್ಟು ಸಾಕು. ದೀರ್ಘ ಪಟ್ಟಿಯನ್ನು ಯಾರೂ ನೆನಪಿಡುವುದಿಲ್ಲ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ಗುಳಿಗೆ. ನುಂಗಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಮಲ ಕಪ್ಪಾದುದನ್ನು ಕಂಡು ಹೆದರಿ ಗುಳಿಗೆ ನಿಲ್ಲಿಸುವವರು ಬಹಳ. ಅದು ಗುಳಿಗೆಯ ಬಣ್ಣ, ನಿರಪಾಯಕಾರಿ ಎಂದು ಮೊದಲ ದಿನವೇ ಹೇಳಬೇಕು. ಅವರು ನಿಲ್ಲಿಸಿದ ಮೇಲೆ ಹೇಳಿ ಫಲವಿಲ್ಲ.

ಆದರೆ ಆಹಾರಕ್ಕೂ ಮಿತಿಯುಂಟು. ಹಿಮೋಗ್ಲೋಬಿನ್ 7 ಗ್ರಾಮಿಗಿಂತ ಕೆಳಗಿದ್ದರೆ ಸೊಪ್ಪು, ನಿಂಬೆಗಳ ಮಾತನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಕಳುಹಿಸಬೇಕು.