ವರ್ಷಕ್ಕೊಂದು ಸವರನ್: ಮಗಳಿಗೊಂದು ಲೆಕ್ಕದ ಪತ್ರ

ಪುಟ್ಟಿ,

ಪ್ರತಿ ದೀಪಾವಳಿಗೂ ಎಂಟು ಗ್ರಾಂ ಚಿನ್ನ ಯಾಕೆ ಕೊಳ್ಳುತ್ತಿದ್ದೆ, ಆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಫೋನಿನಲ್ಲಿ ಕೇಳಿದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣ ಲೆಕ್ಕವಲ್ಲ ಅದು. ಹಳೇ ಬಿಲ್ಲುಗಳನ್ನು ಹರಡಿಕೊಂಡು ಕೂತು ಬರೆಯುತ್ತಿದ್ದೇನೆ.

ಮೊದಲು ಎರಡು ಸರಗಳನ್ನು ತೆಗೆದುಕೊ. ಎರಡೂ 22 ಕ್ಯಾರೆಟ್, ಎರಡೂ ಒಂದು ಸವರನ್, ಅಂದರೆ ಎಂಟು ಗ್ರಾಂ. ಮೊದಲನೆಯದು ನೀನು ಹುಟ್ಟಿದ ವರ್ಷ, 2000ದ್ದು. ಆಗ ಗ್ರಾಮಿಗೆ ಸುಮಾರು 400 ರೂಪಾಯಿ. ಚಿನ್ನಕ್ಕೆ 3,200, ಮಜೂರಿ ಮತ್ತು ವೇಸ್ಟೇಜ್ ನೂರಕ್ಕೆ ಹನ್ನೆರಡರಂತೆ ಸೇರಿ 3,600 ಆಯಿತು. ಎರಡನೆಯದು 2012ರದ್ದು. ಗ್ರಾಮಿಗೆ 2,850ರ ಆಸುಪಾಸು. ಮಜೂರಿ, ತೆರಿಗೆ ಎಲ್ಲಾ ಸೇರಿ 25,800 ಕೊಟ್ಟೆ.

2025ರ ಮೇ ತಿಂಗಳಲ್ಲಿ ಗ್ರಾಮಿಗೆ 9,000 ಇತ್ತು. ಎಂಟು ಗ್ರಾಮಿಗೆ 72,000. ಅಂಗಡಿಯವರು ಹಳೇ ಒಡವೆ ಎಂದು ನೂರಕ್ಕೆ ಮೂರು ಕಡಿದರೂ ಒಂದೊಂದು ಸರಕ್ಕೆ 70,000 ಕೈಗೆ ಬರುತ್ತಿತ್ತು. ಮೊದಲನೇ ಸರ ಅಲ್ಲಿಯವರೆಗೆ ವರ್ಷಕ್ಕೆ ನೂರಕ್ಕೆ ಹದಿಮೂರರಂತೆ ಬೆಳೆದಿತ್ತು. ಎರಡನೆಯದು ಎಂಟು ಚಿಲ್ಲರೆ ಅಷ್ಟೆ. ಆ ವರ್ಷ ಬ್ಯಾಂಕಿನವರೇ ಠೇವಣಿಗೆ ಒಂಬತ್ತರ ಹತ್ತಿರ ಬಡ್ಡಿ ಕೊಡುತ್ತಿದ್ದರು. ಒಂದೇ ಲೋಹ, ಒಂದೇ ತೂಕ. ಆದರೆ ಕೊಂಡ ವರ್ಷ ಬೇರೆ. ಚಿನ್ನ ಯಾವತ್ತೂ ಏರುತ್ತಲೇ ಇರುತ್ತದೆ ಎನ್ನುವವರಿಗೆ 2012ರ ಬಿಲ್ಲು ತೋರಿಸಬೇಕು.

ಆ ಸರವನ್ನು 2015ರಲ್ಲಿ ಮಾರಿದ್ದರೆ ಏನಾಗುತ್ತಿತ್ತು ಗೊತ್ತೇ? ಗ್ರಾಂ ಬೆಲೆ 2,400ಕ್ಕೆ ಇಳಿದಿತ್ತು. ಕಡಿತ ಕಳೆದು 18,600 ಸಿಗುತ್ತಿತ್ತು. ಮೂರೇ ವರ್ಷದಲ್ಲಿ ಏಳು ಸಾವಿರ ಕೈಬಿಟ್ಟ ಹಾಗೆ. ಅದರಲ್ಲಿ ಹತ್ತಿರಹತ್ತಿರ ಮೂರು ಸಾವಿರ ಬೆಲೆ ಇಳಿದದ್ದರಿಂದಲ್ಲ, ಮಜೂರಿ ಮತ್ತು ತೆರಿಗೆಯಿಂದ. ಕೊಂಡ ಗಳಿಗೆಯಲ್ಲೇ ಹೋದ ದುಡ್ಡು ಅದು. ಯಾವ ಅಂಗಡಿಯೂ ವಾಪಸು ಕೊಡುವುದಿಲ್ಲ. ಹರಳಿನ ಒಡವೆಯಾದರೆ ಇನ್ನೂ ಕಷ್ಟ. ಮಾರುವಾಗ ಹರಳಿನ ತೂಕ ಕಳೆದು ಬರೀ ಚಿನ್ನದ್ದಷ್ಟೇ ಹಿಡಿಯುತ್ತಾರೆ. ಅದಕ್ಕೇ ನಿನಗೆ ಬೇಕೆನಿಸಿದ ಓಲೆ, ಬಳೆ ಆದಮೇಲೆ ನಾನು ನಾಣ್ಯಕ್ಕೆ ತಿರುಗಿದ್ದು. ಅದರ ಮಜೂರಿ ತೀರಾ ಕಡಿಮೆ.

ಹಾಗಾದರೆ ಯಾಕೆ ಕೊಂಡೆ? ಬಡ್ಡಿಗಲ್ಲ. ಚಿನ್ನ ಬಡ್ಡಿ ಹುಟ್ಟಿಸುವುದಿಲ್ಲ, ಮೇಲೆ ಲಾಕರ್ ಬಾಡಿಗೆ ಬೇರೆ. ಮನೆಗೆ ಬರುವ ಸಂಬಳವೆಲ್ಲ ನಿನ್ನಪ್ಪನ ಖಾತೆಗೆ ಹೋಗುತ್ತಿತ್ತು, ಸೈಟು ಅವರ ಹೆಸರಲ್ಲಿತ್ತು. ಸಂಸಾರದ ಖರ್ಚಿನಲ್ಲಿ ಉಳಿಸಿ ಕೊಂಡ ಚಿನ್ನ ಮಾತ್ರ ನನ್ನದು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 14ನೇ ಕಲಂ ಹೆಂಗಸಿನ ಸ್ವತ್ತಿಗೆ ಅವಳನ್ನೇ ಪೂರ್ಣ ಒಡತಿ ಎನ್ನುತ್ತದೆ. ಅದನ್ನು ಅಡವಿಡಲು ಯಾರ ಸಹಿಯೂ ಬೇಡ.

2018ರಲ್ಲಿ ನಿನ್ನ ಕಾಲೇಜಿನ ಫೀಸಿಗೆ ಹಾಗೇ ಮಾಡಿದ್ದು. ಐದು ಸವರನ್, ನಲವತ್ತು ಗ್ರಾಂ ಬ್ಯಾಂಕಿಗೆ ಒಯ್ದೆ. ಬ್ಯಾಂಕಿನ ಅಕ್ಕಸಾಲಿ ಉಜ್ಜಿ ನೋಡಿ, ತೂಕ ಹಾಕಿ, 1,16,000 ಬೆಲೆ ಕಟ್ಟಿದ. ಬೆಲೆಯ ಮುಕ್ಕಾಲು ಪಾಲಿನವರೆಗೆ ಸಾಲ ಕೊಡಬಹುದೆಂಬ ನಿಯಮ ಆಗ ಇತ್ತು. 87,000 ಅದೇ ದಿನ ಸಿಕ್ಕಿತು. ಸಾಲ ತೀರಿಸಿ ಸರಗಳನ್ನು ಬಿಡಿಸಿಕೊಂಡೆ. ನಿನ್ನಪ್ಪ ಇನ್ನೂ ಸೈಟು ಮಾರುವ ಮಾತಾಡುತ್ತಿದ್ದರು! ಮಾರಿದ್ದರೆ ಆ ಚಿನ್ನ ಮತ್ತೆ ಬರುತ್ತಿರಲಿಲ್ಲ, 2020ರ ಏರಿಕೆಯೂ ನಮಗೆ ಸಿಗುತ್ತಿರಲಿಲ್ಲ. ಆದರೆ ಅಡವಿಟ್ಟದ್ದನ್ನು ಬಿಡಿಸಿಕೊಳ್ಳದೆ ಬರೀ ಬಡ್ಡಿ ಕಟ್ಟುತ್ತಾ ಹೋದರೆ ಚಿನ್ನದ ಗಳಿಕೆಯನ್ನೆಲ್ಲ ಬಡ್ಡಿಯೇ ನುಂಗುತ್ತದೆ. ಹರಾಜಿಗೆ ಹೋದ ಎಷ್ಟು ಮಾಂಗಲ್ಯ ಸರಗಳ ಕಥೆ ನಮ್ಮ ಬೀದಿಯಲ್ಲೇ ಇದೆ.

ನಿನಗೆ ಸಂಬಳ ಇದೆ, ನಿನ್ನದೇ ಖಾತೆ ಇದೆ. ನನ್ನ ಕಾರಣ ನಿನಗಿಲ್ಲ. ನಿನ್ನ ಉಳಿತಾಯದಲ್ಲಿ ಹತ್ತರಲ್ಲೊಂದು ಪಾಲು ಚಿನ್ನಕ್ಕಿಟ್ಟರೆ ಸಾಕು. ಒಡವೆಯನ್ನು ಹಾಕಿಕೊಳ್ಳುವುದಕ್ಕೆಂದು ಕೊಳ್ಳು, ಉಳಿತಾಯ ಎಂದುಕೊಳ್ಳಬೇಡ. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ, ಮಜೂರಿ ಬೇರೆಬೇರೆ ಬರೆಸು. ಹಾಲ್‌ಮಾರ್ಕಿನ ಪಕ್ಕದ ಆರು ಅಕ್ಷರ-ಅಂಕಿಗಳ ಗುರುತನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡು. ಯಾವ ಅಂಗಡಿಯದು, ಎಷ್ಟು ಶುದ್ಧ ಎಂದು ಅದೇ ಹೇಳುತ್ತದೆ. ಬಿಲ್ಲನ್ನು ಮಾತ್ರ ಬಿಸಾಡಬೇಡ. ಎರಡು ವರ್ಷ ಕಳೆದ ಮೇಲೆ ಮಾರಿದರೆ ಲಾಭದ ಮೇಲೆ ನೂರಕ್ಕೆ ಹನ್ನೆರಡೂವರೆ ತೆರಿಗೆ. ಕೊಂಡ ಬೆಲೆ ತೋರಿಸಲು ಆ ಕಾಗದವೇ ಬೇಕು. ನನ್ನ ಬಿಲ್ಲುಗಳೆಲ್ಲ ಬೀರುವಿನ ಕೆಳಗಿನ ಖಾನೆಯಲ್ಲಿ, ವರ್ಷದ ಪ್ರಕಾರ ಕಟ್ಟಿಟ್ಟಿವೆ. ಮುಂದಿನ ಸಲ ಬಂದಾಗ ಎಲ್ಲವನ್ನೂ ಫೋಟೊ ತೆಗೆದಿಟ್ಟುಕೊ, ಹಳೇ ಬಿಲ್ಲುಗಳ ಶಾಯಿ ಅಳಿಸುತ್ತಿದೆ.

ನಿನ್ನ ಅಮ್ಮ